ಗಡುವು ದಾಟಿದ ಮೂರನೇ ದಿನ ಬರೆಯುವ ಪತ್ರ

ಸೋಮವಾರ ರಾತ್ರಿ ಹತ್ತು ಗಂಟೆಗೆ ಗೆಳೆಯನ ಫೋನ್ ಬಂತು. ಪೀಣ್ಯದಲ್ಲಿ ಅವನದೊಂದು ಸಣ್ಣ ಟರ್ನಿಂಗ್ ಶಾಪು ಇದೆ. ಮೂರು ಲೇತ್, ಆರು ಜನ ಕೆಲಸಗಾರರು. ಪಂಪ್ ತಯಾರಿಸುವವರಿಗೆ ಬುಷ್ ಮಾಡಿಕೊಡುವುದು ಅವನ ಮುಖ್ಯ ಕೆಲಸ. ಅವನ ಲೆಕ್ಕಪತ್ರ ನೋಡಿಕೊಳ್ಳುವವನು ನಾನು.

‘ಒಂದು ಮೆಸೇಜ್ ಟೈಪ್ ಮಾಡಿದೀನಿ, ಕಳಿಸ್ಲಾ ಬೇಡ್ವಾ ಹೇಳು’ ಎಂದು ಓದಿದ. ‘ಸರ್, ಗಡುವು ಮುಗಿದು ಮೂರು ದಿನ ಆಯ್ತು. ನೀವಿನ್ನೂ ಪೇಮೆಂಟ್ ಹಾಕಿಲ್ಲ. ಕೂಡಲೇ ಹಾಕಿ. ನಮಗೂ ಕಷ್ಟ ಇದೆ.’

‘ಯಾರಿಗೆ ಕಳಿಸ್ತಿದೀಯ?’

‘ಇನ್ಯಾರಿಗೆ, ಪರ್ಚೇಸ್‌ನವರಿಗೆ. ಆರ್ಡರ್ ಕೊಟ್ಟೋರು ಅವರೇ ತಾನೆ?’

ಬೆಳಿಗ್ಗೆಯವರೆಗೆ ಕಳಿಸಬೇಡ ಎಂದೆ. ಅವನ ಸಿಟ್ಟು ತಪ್ಪಲ್ಲ. ಶನಿವಾರ ಸಂಬಳದ ದಿನ ಬರುತ್ತದೆ, ಕಬ್ಬಿಣದ ಅಂಗಡಿಯವರು ಉದ್ರಿ ಕೊಡುವುದನ್ನು ನಿಲ್ಲಿಸಿದ್ದಾರೆ, ಒಂದು ಲಕ್ಷದ ಹತ್ತಿರದ ಬಿಲ್ಲು ಬಾಕಿ ನಿಂತಿದೆ. ಆದರೂ ಆ ಮೆಸೇಜ್ ಹೋಗಿದ್ದರೆ ದುಡ್ಡು ಬೇಗ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಪೀಣ್ಯಕ್ಕೆ ಬರುವ ಮೊದಲು ದೊಡ್ಡ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ, ಇಂಥ ಬಿಲ್ಲುಗಳನ್ನು ಪಾಸು ಮಾಡುವ ಮೇಜಿನ ಮುಂದೆ ಕೂತಿದ್ದವನು ನಾನು. ಮೂರು ದಿನ ತಡವಾದ ಬಿಲ್ಲು ಬಹುಪಾಲು ಯಾರೋ ಕೊಡಬಾರದೆಂದು ಹಿಡಿದಿಟ್ಟ ಬಿಲ್ಲಲ್ಲ. ಅದು ಎಲ್ಲೋ ನಿಂತುಹೋದ ಬಿಲ್ಲು. ಎಲ್ಲಿ ನಿಂತಿದೆ ಎಂದು ಕಂಡುಹಿಡಿಯುವುದೇ ಮೊದಲ ನೆನಪೋಲೆಯ ಕೆಲಸ.

ಗೇಟಿನಿಂದ ಬ್ಯಾಂಕಿನವರೆಗೆ

ಅವನ ಬಿಲ್ಲಿನ ವಿವರ ಹೀಗಿತ್ತು. ಬೊಮ್ಮಸಂದ್ರದ ಕಾರ್ಖಾನೆಯೊಂದಕ್ಕೆ 1,200 ಬುಷ್, ಒಂದಕ್ಕೆ 70 ರೂಪಾಯಿಯಂತೆ 84,000 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ 15,120. ಒಟ್ಟು 99,120 ರೂಪಾಯಿ. ಬಿಲ್ಲಿನ ತಾರೀಖು 2025ರ ಜೂನ್ 5, ಮಾಲು ಹೋದದ್ದೂ ಅಂದೇ. ಪರ್ಚೇಸ್ ಆರ್ಡರಿನಲ್ಲಿ ಬರೆದಿದ್ದಂತೆ ಬಿಲ್ಲಿನ ತಾರೀಖಿನಿಂದ 30 ದಿನ, ಅಂದರೆ ಜುಲೈ 5ಕ್ಕೆ ಗಡುವು.

ಮಾಲು ಗೇಟಿಗೆ ಬಂದಾಗ ಸೆಕ್ಯೂರಿಟಿಯವರು ಬಿಲ್ಲಿನ ಪ್ರತಿಯ ಮೇಲೆ ಇನ್‌ವರ್ಡ್ ಮೊಹರು ಹೊಡೆದು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿಂದ ಅದು ಸ್ಟೋರಿಗೆ ಹೋಗುತ್ತದೆ. ಕ್ವಾಲಿಟಿಯವರು ಅಳತೆ ನೋಡಿ ಒಪ್ಪಿದ ಮೇಲೆ ಎಷ್ಟು ಮಾಲನ್ನು ಒಳಗೆ ತೆಗೆದುಕೊಂಡರು ಎಂಬ ಚೀಟಿ ಕಂಪ್ಯೂಟರಿನಲ್ಲಿ ಏಳುತ್ತದೆ. ಇದಕ್ಕೆ ಎಲ್ಲರೂ ಜಿಆರ್‌ಎನ್ ಎನ್ನುತ್ತಾರೆ. ಬಿಲ್ಲು ಅಕೌಂಟ್ಸಿಗೆ ಬಂದಾಗ ಅಲ್ಲಿನವರು ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಆರ್ಡರಿನಲ್ಲಿ ಎಷ್ಟು ಕೇಳಿದ್ದೆವು, ಜಿಆರ್‌ಎನ್‌ನಲ್ಲಿ ಎಷ್ಟು ಒಳಗೆ ಬಂತು, ಬಿಲ್ಲಿನಲ್ಲಿ ಎಷ್ಟಕ್ಕೆ ದುಡ್ಡು ಕೇಳಿದ್ದಾರೆ. ಮೂರೂ ಹೊಂದಿದರೆ ಬಿಲ್ ಪಾಸ್. ಒಂದು ಅಂಕಿ ಆಚೀಚೆಯಾದರೂ ಕಂಪ್ಯೂಟರ್ ಅದನ್ನು ಹೋಲ್ಡ್‌ನಲ್ಲಿ ಇಡುತ್ತದೆ.

ಪಾಸಾದ ಬಿಲ್ಲಿಗೂ ಅಂದೇ ದುಡ್ಡು ಹೋಗುವುದಿಲ್ಲ. ಹೆಚ್ಚಿನ ಕಾರ್ಖಾನೆಗಳಲ್ಲಿ ಪಾವತಿಗೆ ದಿನ ಗೊತ್ತುಮಾಡಿರುತ್ತಾರೆ. ಕೆಲವೆಡೆ ಪ್ರತಿ ಶುಕ್ರವಾರ, ಕೆಲವೆಡೆ ತಿಂಗಳಿಗೆ ಎರಡು ಸಲ. ಅದಕ್ಕೆ ಒಂದೆರಡು ದಿನ ಮೊದಲು ಪಟ್ಟಿ ತಯಾರಾಗಿ ದೊಡ್ಡವರ ಸಹಿಗೆ ಹೋಗುತ್ತದೆ. ಆ ಪಟ್ಟಿಗೆ ಸೇರದ ಬಿಲ್ಲು ಮುಂದಿನ ಪಟ್ಟಿಗೆ ಕಾಯಬೇಕು.

ಹೋಲ್ಡ್‌ನಲ್ಲಿರುವ ಬಿಲ್ಲಿನ ಗುಣವೇನೆಂದರೆ ಅದು ಸದ್ದು ಮಾಡುವುದಿಲ್ಲ. ಅಕೌಂಟ್ಸಿನವರು ಪರ್ಚೇಸ್‌ಗೆ ಒಂದು ಟಿಪ್ಪಣಿ ಹಾಕಿ ಮುಂದಿನ ಬಿಲ್ಲಿಗೆ ಹೋಗುತ್ತಾರೆ. ಪರ್ಚೇಸಿನವರು ಮಾಲು ಕಳಿಸಿದವನಿಗೆ ತಿಳಿಸಬೇಕು. ಅವರು ರಜೆಯಲ್ಲಿದ್ದರೆ, ಅಥವಾ ಇನ್ನೂರು ಟಿಪ್ಪಣಿಗಳ ನಡುವೆ ಇದು ಮುಳುಗಿಹೋದರೆ, ಕಾರ್ಖಾನೆಯಲ್ಲಿ ಎಲ್ಲರೂ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡೇ ಇರುತ್ತಾರೆ. ಹೊರಗಿನವನೊಬ್ಬ ಕೇಳುವವರೆಗೆ ಆ ಬಿಲ್ಲು ಅಲ್ಲಾಡುವುದಿಲ್ಲ. ಹಾಗಾಗಿ ಮೂರನೇ ದಿನ ಕೇಳುವುದಕ್ಕೆ ಸಂಕೋಚ ಬೇಕಿಲ್ಲ. ಆದರೆ ಕೇಳುವ ರೀತಿ ಆ ನಿಂತ ಜಾಗವನ್ನು ತೋರಿಸಿಕೊಡುವಂತಿರಬೇಕು.

ಬರೆಯುವ ಮೊದಲು ನಮ್ಮ ಮನೆ ನೋಡಿಕೊಳ್ಳುವುದು

ಮಂಗಳವಾರ ಬೆಳಿಗ್ಗೆ ಅವನ ಶಾಪಿನಲ್ಲಿ ಕೂತು ಮೊದಲು ಮೂರು ವಿಷಯ ನೋಡಿದೆವು.

ಮೊದಲನೆಯದು ತಾರೀಖು. ಗಡುವನ್ನು ಯಾವಾಗಿನಿಂದ ಎಣಿಸಬೇಕು ಎಂಬುದು ಆರ್ಡರಿನಲ್ಲಿ ಬರೆದಿರುತ್ತದೆ. ಕೆಲವರು ಬಿಲ್ಲಿನ ತಾರೀಖಿನಿಂದ ಎಣಿಸಿದರೆ ಕೆಲವರು ಜಿಆರ್‌ಎನ್ ತಾರೀಖಿನಿಂದ ಎಣಿಸುತ್ತಾರೆ. ಎರಡರ ನಡುವೆ ನಾಲ್ಕೈದು ದಿನ ವ್ಯತ್ಯಾಸ ಬರುವುದು ಮಾಮೂಲು. ನಮ್ಮ ಲೆಕ್ಕದಲ್ಲಿ ಗಡುವು ದಾಟಿದ ಬಿಲ್ಲು ಅವರ ಲೆಕ್ಕದಲ್ಲಿ ಇನ್ನೂ ದಾಟಿರದೆ ಇರಬಹುದು. ಇಲ್ಲಿ ಬಿಲ್ಲಿನ ತಾರೀಖು ಎಂದೇ ಇತ್ತು, ಸರಿ. ಆದರೆ ಜುಲೈ 5 ಶನಿವಾರ. ಶನಿವಾರ ಅವರ ಆಫೀಸಿಗೆ ರಜೆ, ಮರುದಿನ ಭಾನುವಾರ. ಕ್ಯಾಲೆಂಡರಿನಲ್ಲಿ ಮೂರು ದಿನವಾದರೂ ನಡುವೆ ಸಿಕ್ಕ ಕೆಲಸದ ದಿನ ಸೋಮವಾರ ಒಂದೇ. ‘ಮೂರು ದಿನ ಆಯ್ತು’ ಎಂಬ ಅವನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಎರಡನೆಯದು ಬ್ಯಾಂಕಿನ ಖಾತೆ. ಇಲ್ಲಿ ನಾನೊಮ್ಮೆ ಎಡವಿದ್ದೇನೆ. ಮೆಷಿನ್ ನಿರ್ವಹಣೆಯ ಕೆಲಸ ಮಾಡುವ ಪಾಲುದಾರಿಕೆ ಸಂಸ್ಥೆಯೊಂದರ ಲೆಕ್ಕ ನೋಡುತ್ತಿದ್ದಾಗ 59,000 ರೂಪಾಯಿಯ ಬಿಲ್ಲು ಬಂದಿಲ್ಲವೆಂದು ಖಡಕ್ಕಾಗಿ ಪತ್ರ ಬರೆದೆ. ಖಾತೆಯಲ್ಲಿ 59,000ಕ್ಕೆ ಹುಡುಕಿದ್ದೆ, ಸಿಕ್ಕಿರಲಿಲ್ಲ. ದುಡ್ಡು ಆರು ದಿನ ಮೊದಲೇ ಬಂದಿತ್ತು, 58,000 ಎಂದು. ಕೆಲಸದ ಮೊತ್ತ 50,000, ಅದರ ಮೇಲೆ ಶೇ. 2 ಟಿಡಿಎಸ್ ಎಂದು 1,000 ಹಿಡಿದುಕೊಂಡು ಉಳಿದದ್ದನ್ನು ಹಾಕಿದ್ದರು. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆ ತೋರಿಸಿದಾಗ ಟಿಡಿಎಸ್ ಹಿಡಿಯುವುದು ಮೂಲ ಮೊತ್ತದ ಮೇಲೆ ಮಾತ್ರ. ಅವರು ಬ್ಯಾಂಕಿನ ಯುಟಿಆರ್ ಸಂಖ್ಯೆಯೊಂದನ್ನೇ ಬರೆದು ಉತ್ತರ ಕಳಿಸಿದರು, ಬೇರೆ ಒಂದು ಮಾತೂ ಬರೆಯಲಿಲ್ಲ. ನಾನು ಕ್ಷಮೆ ಕೇಳಿ ಪತ್ರ ಬರೆದೆ. ಅಂದಿನಿಂದ ಸೇವೆಯ ಬಿಲ್ಲಾದರೆ ಎರಡು ಮೊತ್ತಕ್ಕೆ ಹುಡುಕುತ್ತೇನೆ, ಪೂರ್ತಿ ಮೊತ್ತ ಒಂದು, ಟಿಡಿಎಸ್ ಕಳೆದ ಮೊತ್ತ ಇನ್ನೊಂದು. ಎರಡು ಮೂರು ಬಿಲ್ಲುಗಳ ದುಡ್ಡನ್ನು ಒಟ್ಟಿಗೆ ಹಾಕಿರಬಹುದೇ ಎಂದೂ ನೋಡುತ್ತೇನೆ. ಎನ್‌ಇಎಫ್‌ಟಿ 2019ರ ಡಿಸೆಂಬರಿನಿಂದ ರಜಾದಿನವೂ ಸೇರಿ ಹಗಲುರಾತ್ರಿ ನಡೆಯುತ್ತದೆ. ಹಾಗಾಗಿ ಖಾತೆಯನ್ನು ಹಿಂದಿನ ರಾತ್ರಿ ನೋಡಿದ್ದರೆ ಸಾಲದು, ಪತ್ರ ಕಳಿಸುವ ಮುನ್ನ ಇನ್ನೊಮ್ಮೆ ನೋಡಬೇಕು.

ಮೂರನೆಯದು ನಮ್ಮ ಕಡೆಯ ಕಾಗದ. ಬಿಲ್ಲಿನ ಮೇಲೆ ಆರ್ಡರ್ ಸಂಖ್ಯೆ ಇದೆಯೇ? ಇನ್‌ವರ್ಡ್ ಮೊಹರಿನ ಪ್ರತಿ ನಮ್ಮ ಫೈಲಿನಲ್ಲಿದೆಯೇ? ಜಿಎಸ್‌ಟಿ ರಿಟರ್ನ್‌ನಲ್ಲಿ ಈ ಬಿಲ್ಲು ಹೋಗಿದೆಯೇ? ಈ ಕೊನೆಯದನ್ನು ಸಣ್ಣವರು ಮರೆಯುವುದು ಹೆಚ್ಚು. ನಾವು ಜಿಎಸ್‌ಟಿಆರ್-1ರಲ್ಲಿ ಬಿಲ್ಲನ್ನು ತೋರಿಸಿದ ಮೇಲೆ ಅದು ಕೊಂಡವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಮೂಡುತ್ತದೆ. ಅದು ಮೂಡಿದರೆ ಮಾತ್ರ ಅವರು ಆ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಮುಂದಿನ ತಿಂಗಳ 11 ಕೊನೆಯ ದಿನ, ಕೊಂಡವರ ಪಟ್ಟಿ ಏಳುವುದು 14ಕ್ಕೆ. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಣ್ಣವರು ಏಪ್ರಿಲ್ ಬಿಲ್ಲನ್ನು ನಡುವೆ ಪ್ರತ್ಯೇಕವಾಗಿ ಏರಿಸದಿದ್ದರೆ ಅದು ಅವರಿಗೆ ಕಾಣುವುದು ಜುಲೈ 14ಕ್ಕೇ. ಪಟ್ಟಿಯಲ್ಲಿ ಕಾಣದ ಬಿಲ್ಲಿಗೆ ದುಡ್ಡು ತಡೆಯುವ ಕಾರ್ಖಾನೆಗಳಿವೆ, ತೆರಿಗೆಯ ಭಾಗವನ್ನಷ್ಟೇ ತಡೆಯುವವರೂ ಇದ್ದಾರೆ. ನಮ್ಮಿಂದಲೇ ತಡವಾಗಿರುವ ಬಿಲ್ಲಿಗೆ ‘ಏಕೆ ಕೊಟ್ಟಿಲ್ಲ’ ಎಂದು ಕೇಳಬಾರದಲ್ಲ. ಗೆಳೆಯನ ವಿಷಯದಲ್ಲಿ ಜೂನ್ ತಿಂಗಳ ರಿಟರ್ನನ್ನು ಜುಲೈ 4ಕ್ಕೇ ಸಲ್ಲಿಸಿಯಾಗಿತ್ತು.

ಪತ್ರ

ಆಮೇಲೆ ಬರೆದದ್ದು ಇದು. ಜೂನ್ 5ರಂದು ಬಿಲ್ಲು ಕಳಿಸಿದ್ದ ಅದೇ ಇಮೇಲಿಗೆ ಉತ್ತರವಾಗಿ, ಅಕೌಂಟ್ಸ್ ವಿಭಾಗಕ್ಕೆ, ಪರ್ಚೇಸಿನವರಿಗೆ ಪ್ರತಿ ಹಾಕಿ.

ವಿಷಯ: ಬಿಲ್ 041, ರೂ. 99,120, ಗಡುವು ಜುಲೈ 5 – ಪಾವತಿಯ ಬಗ್ಗೆ

‘ನಮಸ್ಕಾರ ಮೇಡಂ,

ಜೂನ್ 5ರ ನಮ್ಮ ಬಿಲ್ 041ರ ಮೊತ್ತ ರೂ. 99,120 ಜುಲೈ 5ಕ್ಕೆ ಬರಬೇಕಿತ್ತು. ಇಂದು ಬೆಳಿಗ್ಗೆಯವರೆಗೆ ನಮ್ಮ ಖಾತೆಗೆ ಬಂದಂತೆ ಕಾಣಲಿಲ್ಲ. ಈಗಾಗಲೇ ಕಳಿಸಿದ್ದರೆ ದಯವಿಟ್ಟು ಯುಟಿಆರ್ ಸಂಖ್ಯೆ ತಿಳಿಸಿ, ನಾವು ಹೊಂದಿಸಿಕೊಳ್ಳುತ್ತೇವೆ.

ಕಳಿಸಿಲ್ಲವಾದರೆ, ಬಿಲ್ ಪಾಸಾಗಲು ನಮ್ಮ ಕಡೆಯಿಂದ ಏನಾದರೂ ಬೇಕಿದೆಯೇ? ಬಿಲ್ಲಿನ ಪ್ರತಿ, ಆರ್ಡರಿನ ಪ್ರತಿ, ಇನ್‌ವರ್ಡ್ ಮೊಹರಿನ ಪ್ರತಿ ಮೂರನ್ನೂ ಇದರೊಂದಿಗೆ ಇಟ್ಟಿದ್ದೇವೆ. ಯಾವ ದಿನದ ಪಾವತಿಗೆ ಈ ಬಿಲ್ಲು ಸೇರುತ್ತದೆ ಎಂದು ನಾಳೆಯೊಳಗೆ ತಿಳಿಸಿದರೆ ಅನುಕೂಲವಾಗುತ್ತದೆ.

ಬ್ಯಾಂಕಿನ ವಿವರ ಬಿಲ್ಲಿನಲ್ಲಿ ಇರುವುದೇ. ಏನೂ ಬದಲಾಗಿಲ್ಲ.’

ಕೆಳಗೆ ಅವನ ಹೆಸರು, ಫೋನ್ ಸಂಖ್ಯೆ. ಅಷ್ಟೇ.

ರಾತ್ರಿಯ ಮೆಸೇಜಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ವಿನಯ ಎಲ್ಲಿಂದ ಬಂತು ಎಂದು ಕಾಣುತ್ತದೆ. ಅಲ್ಲಿ ವಾಕ್ಯದ ಕರ್ತೃ ‘ನೀವು’. ನೀವಿನ್ನೂ ಹಾಕಿಲ್ಲ. ಇಲ್ಲಿ ಕರ್ತೃ ದುಡ್ಡು. ಬರಬೇಕಿತ್ತು, ಬಂದಂತೆ ಕಾಣಲಿಲ್ಲ. ಕನ್ನಡ ಇದಕ್ಕೆ ಒದಗಿ ಬರುವ ಭಾಷೆ. ‘ಕೊಟ್ಟಿಲ್ಲ’ ಎಂದರೆ ಬೆರಳು ಎದುರಿನವರ ಕಡೆ ಹೋಗುತ್ತದೆ, ‘ಬಂದಿಲ್ಲ’ ಎಂದರೆ ಇಬ್ಬರೂ ಸೇರಿ ದಾರಿಯನ್ನು ನೋಡುತ್ತೇವೆ. ‘ಬಂದಂತೆ ಕಾಣಲಿಲ್ಲ’ ಎಂದರೆ ನಮ್ಮ ಕಣ್ತಪ್ಪೂ ಇರಬಹುದು ಎಂಬುದಕ್ಕೆ ಜಾಗ ಉಳಿಯುತ್ತದೆ. ಆದರೆ ‘ಇನ್ನೂ ಬಂದಿಲ್ಲವಲ್ಲ’ ಎಂದು ಆ ಒಂದು ‘ಅಲ್ಲ’ವನ್ನು ಸೇರಿಸಿದರೆ ಸಾಕು, ಅದೇ ಮಾತು ದೂರಾಗುತ್ತದೆ. ಎದುರಿಗಿದ್ದಾಗ ನಗುಮುಖದಲ್ಲಿ ಹೇಳಿದರೆ ಸಲ್ಲುವ ಆ ಅಕ್ಷರ ಕಾಗದದ ಮೇಲೆ ಚುಚ್ಚುತ್ತದೆ. ‘ಕೂಡಲೇ’ ಎಂಬುದೂ ಹಾಗೆಯೇ. ಗಡುವು ದಾಟಿ ತಿಂಗಳಾದ ಮೇಲೆ ಬೇಕಾಗುವ ಪದವದು. ಮೂರನೇ ದಿನವೇ ಖರ್ಚು ಮಾಡಿಬಿಟ್ಟರೆ ಆಮೇಲೆ ಬಳಸಲು ಏನೂ ಉಳಿಯುವುದಿಲ್ಲ.

ಇನ್ನೊಂದು ತುದಿಯ ತಪ್ಪೂ ಇದೆ, ನಮ್ಮಲ್ಲಿ ಅದೇ ಹೆಚ್ಚು. ‘ತೊಂದರೆ ಕೊಡ್ತಿದೀನಿ ಸರ್, ಬೇಜಾರು ಮಾಡ್ಕೋಬೇಡಿ, ನಿಮಗೆ ಅನುಕೂಲ ಆದಾಗ ನೋಡಿ’ ಎಂದು ಬರೆಯುವುದು. ಓದಲು ಹಿತವಾಗಿದೆ. ಆದರೆ ಒಪ್ಪಿಕೊಂಡ ಗಡುವನ್ನು ನಾವೇ ಕೈಯಾರೆ ಅಳಿಸಿದಂತೆ. ಅನುಕೂಲವಾದಾಗ ಎಂದ ಮೇಲೆ ಹತ್ತು ದಿನ ಬಿಟ್ಟು ಮತ್ತೆ ಕೇಳಲು ನಮಗೆ ಆಧಾರವೇ ಇಲ್ಲ. ಅಂಥ ಪತ್ರದಲ್ಲಿ ಬಿಲ್ಲಿನ ಸಂಖ್ಯೆ, ಮೊತ್ತ, ತಾರೀಖು ಸಹ ಇರುವುದಿಲ್ಲ. ಓದಿದವರಿಗೆ ಪಾಪ ಅನ್ನಿಸಬಹುದು, ಆದರೆ ಯಾವ ಬಿಲ್ಲೆಂದು ಹುಡುಕುವಷ್ಟು ಪುರುಸೊತ್ತು ಅವರಿಗಿಲ್ಲ. ಅವರ ಕೆಲಸ ಕಡಿಮೆ ಮಾಡಿಕೊಡುವುದು ಇಲ್ಲಿ ನಿಜವಾದ ಮರ್ಯಾದೆ. ಸಂಖ್ಯೆ, ಮೊತ್ತ, ಗಡುವು ವಿಷಯದ ಸಾಲಿನಲ್ಲೇ ಇದ್ದರೆ, ಪ್ರತಿಗಳು ಜೊತೆಗೇ ಇದ್ದರೆ, ಅವರು ಕೂತ ಜಾಗದಿಂದ ಏಳದೆ ಉತ್ತರ ಕೊಡಬಹುದು.

ಪತ್ರ ಅಕೌಂಟ್ಸಿಗೆ ಹೋದದ್ದಕ್ಕೂ ಕಾರಣವಿದೆ. ಆರ್ಡರ್ ಕೊಟ್ಟವರಿಗೆ ಬಿಲ್ಲು ಎಲ್ಲಿ ನಿಂತಿದೆ ಎಂಬುದು ಅನೇಕ ಸಲ ಗೊತ್ತಿರುವುದಿಲ್ಲ. ಅವರಿಗೆ ಬರೆದರೆ ಅವರು ಅಕೌಂಟ್ಸನ್ನು ಕೇಳಬೇಕು, ಆ ಮಾತಿನಲ್ಲಿ ನಮ್ಮ ಬಿಲ್ಲಿನ ಸಂಖ್ಯೆ ಕಳೆದುಹೋಗುತ್ತದೆ. ಜೊತೆಗೆ ನಾಳೆ ಹೊಸ ಆರ್ಡರಿನ ದರ ಮಾತಾಡಬೇಕಾದವರು ಅವರೇ. ಬಾಕಿಯ ಮಾತನ್ನು ಆ ಸಂಬಂಧದ ನಡುವೆ ಮೊದಲ ದಿನವೇ ತರಬೇಕಾಗಿಲ್ಲ. ಒಂದು ಪ್ರತಿ ಅವರಿಗೂ ಹೋದರೆ ವಿಷಯ ತಿಳಿದಿರುತ್ತದೆ, ಸಾಕು.

ಬ್ಯಾಂಕಿನ ವಿವರ ಬದಲಾಗಿಲ್ಲ ಎಂಬ ಕೊನೆಯ ಸಾಲು ಕೆಲವರಿಗೆ ಅನವಶ್ಯ ಎನ್ನಿಸೀತು. ಬಾಕಿ ಕೇಳುವ ನೆಪದಲ್ಲಿ ‘ನಮ್ಮ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಾಕಿ’ ಎಂದು ಕಳ್ಳರು ಬರೆಯುವ ಇಮೇಲುಗಳಿಂದ ದುಡ್ಡು ಕಳೆದುಕೊಂಡ ಕಂಪನಿಗಳಿವೆ. ಹಾಗಾಗಿ ನೆನಪೋಲೆಯಲ್ಲಿ ಹೊಸ ಖಾತೆಯ ಸಂಖ್ಯೆ ಕಂಡರೆ ಎಚ್ಚರದ ಅಕೌಂಟೆಂಟ್ ಪಾವತಿಯನ್ನು ಅಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸಲೂಬೇಕು. ನಿಜವಾಗಿ ಖಾತೆ ಬದಲಾಗಿದ್ದರೆ ಅದನ್ನು ಬೇರೆಯಾಗಿ, ರದ್ದು ಮಾಡಿದ ಚೆಕ್ಕಿನ ಪ್ರತಿಯೊಂದಿಗೆ ತಿಳಿಸಿ, ಫೋನಿನಲ್ಲೂ ಖಚಿತಪಡಿಸಬೇಕು. ಬಾಕಿಯ ಮಾತಿನೊಂದಿಗೆ ಅದನ್ನು ಬೆರೆಸಬಾರದು.

ಹನ್ನೆರಡು ಬುಷ್

ಹತ್ತು ಗಂಟೆಗೆ ಇಮೇಲ್ ಹೋಯಿತು. ಹನ್ನೊಂದೂವರೆಗೆ ಉತ್ತರ ಬಂತು.

ಕಾರಣ ಹನ್ನೆರಡು ಬುಷ್. ಜೂನ್ 9ರಂದು ಕ್ವಾಲಿಟಿಯವರು ಅಳತೆ ನೋಡಿದಾಗ 12 ಬುಷ್‌ಗಳ ಒಳವ್ಯಾಸ ಮಿತಿಗಿಂತ ಹೆಚ್ಚಾಗಿತ್ತು. ಅವನ್ನು ಬದಿಗಿಟ್ಟು 1,188ಕ್ಕೆ ಜಿಆರ್‌ಎನ್ ಮಾಡಿದ್ದರು. ಬಿಲ್ಲು 1,200ಕ್ಕೆ. ಮೂರು ಕಾಗದ ಹೊಂದಲಿಲ್ಲ, ಬಿಲ್ಲು ಹೋಲ್ಡ್‌ಗೆ ಹೋಯಿತು. ವಿಷಯ ತಿಳಿಸಬೇಕಿದ್ದ ಪರ್ಚೇಸಿನವರು ಆ ವಾರ ರಜೆಯಲ್ಲಿದ್ದರು. ‘ವ್ಯತ್ಯಾಸಕ್ಕೆ ಕ್ರೆಡಿಟ್ ನೋಟ್ ಕಳಿಸಿ, 10ರ ಪಾವತಿಗೆ ಸೇರಿಸುತ್ತೇವೆ. ಪಟ್ಟಿ ನಾಳೆ ಮಧ್ಯಾಹ್ನ ಮುಚ್ಚುತ್ತದೆ’ ಎಂದು ಅಕೌಂಟ್ಸಿನ ಮೇಡಂ ಬರೆದಿದ್ದರು. ಅಲ್ಲಿ ಪಾವತಿ ತಿಂಗಳ 10 ಮತ್ತು 25ಕ್ಕೆ ಎಂಬುದೂ ಅಂದೇ ನಮಗೆ ತಿಳಿದದ್ದು.

ಲೆಕ್ಕ ಹಾಕಿದೆವು. ಹನ್ನೆರಡು ಬುಷ್‌ಗೆ 840 ರೂಪಾಯಿ, ಅದರ ಜಿಎಸ್‌ಟಿ 151 ರೂಪಾಯಿ 20 ಪೈಸೆ. ಒಟ್ಟು 991 ರೂಪಾಯಿ 20 ಪೈಸೆ. ಸಾವಿರ ರೂಪಾಯಿಗೂ ಕಡಿಮೆಯ ವ್ಯತ್ಯಾಸ ತಿಂಗಳಿಡೀ ಇಡೀ ಲಕ್ಷವನ್ನು ಹಿಡಿದು ಕೂತಿತ್ತು.

ರಾತ್ರಿಯ ಮೆಸೇಜ್ ಹೋಗಿದ್ದರೆ ಏನಾಗುತ್ತಿತ್ತು? ಪರ್ಚೇಸಿನವರು ‘ಹೇಳ್ತೀನಿ ಬಿಡಿ’ ಎಂದು ಮುಗಿಸುತ್ತಿದ್ದರು. ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. ‘ಕೂಡಲೇ ಹಾಕಿ’ ಎಂಬುದಕ್ಕೆ ಹಾಕುತ್ತೇನೆ, ಇಲ್ಲ ಎಂಬ ಎರಡೇ ಉತ್ತರ. ‘ನಮ್ಮ ಕಡೆಯಿಂದ ಏನಾದರೂ ಬೇಕಿದೆಯೇ’ ಎಂಬುದಕ್ಕೆ ಮಾತ್ರ ‘ಹನ್ನೆರಡು ಬುಷ್’ ಎಂಬ ಉತ್ತರ ಬರಲು ಸಾಧ್ಯ. ಇಡೀ ಪತ್ರದಲ್ಲಿ ದುಡ್ಡನ್ನು ಬಿಡಿಸಿದ್ದು ಆ ಒಂದು ಸಾಲು.

ಗೆಳೆಯ ಅಂದು ಮಧ್ಯಾಹ್ನವೇ ಕ್ರೆಡಿಟ್ ನೋಟ್ ಮಾಡಿ ಕಳಿಸಿದ. ಜುಲೈ 10, ಗುರುವಾರ ಸಂಜೆ ಖಾತೆಗೆ 98,128 ರೂಪಾಯಿ 80 ಪೈಸೆ ಬಂತು. ಶನಿವಾರದ ಸಂಬಳಕ್ಕೆ ಎರಡು ದಿನ ಮೊದಲು.

ಕಾನೂನು ಪತ್ರದಲ್ಲಲ್ಲ, ಬಿಲ್ಲಿನಲ್ಲಿ

‘ಆದರೆ ಅವರು ತಡ ಮಾಡಿದ್ದಕ್ಕೆ ಕಾನೂನಿದೆ ಅಂತಾರಲ್ಲ’ ಎಂದು ಅವನು ಕೇಳಿದ. ಇದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಡಬೇಕಾದ ದುಡ್ಡನ್ನು ಒಪ್ಪಿಕೊಂಡ ದಿನದೊಳಗೆ ಕೊಡಬೇಕು. ಆ ಒಪ್ಪಂದವೂ ಮಾಲು ಒಪ್ಪಿದ ದಿನದಿಂದ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳು ಚಕ್ರಬಡ್ಡಿ. ಮಾಲಿನ ಬಗ್ಗೆ ತಕರಾರಿದ್ದರೆ 15 ದಿನದೊಳಗೆ ಬರೆದು ತಿಳಿಸಬೇಕು, ಇಲ್ಲವಾದರೆ ಮಾಲು ತಲುಪಿದ ದಿನವೇ ಒಪ್ಪಿದ ದಿನವೆಂದು ಲೆಕ್ಕ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೂ ಇದನ್ನು ಕಟ್ಟಿತು. ಇಂಥ ಘಟಕಗಳಿಗೆ ಆ ಅವಧಿಯೊಳಗೆ ಕೊಡದ ಮೊತ್ತವನ್ನು ಕೊಂಡವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು.

ಇಷ್ಟೆಲ್ಲ ಬೆನ್ನಿಗಿರುವಾಗಲೂ ಮೊದಲ ಪತ್ರದಲ್ಲಿ ಇದರ ಒಂದಕ್ಷರ ಬರೆಯಬೇಡ ಎಂದೆ. ಕಾಯ್ದೆಯ ಹೆಸರು ಕಂಡ ಕ್ಷಣ ಆ ಇಮೇಲ್ ಅಕೌಂಟ್ಸಿನ ಮೇಡಂ ಕೈ ತಪ್ಪಿ ಮೇಲಿನವರಿಗೆ, ಅಲ್ಲಿಂದ ಲೀಗಲ್ ವಿಭಾಗಕ್ಕೆ ಹೋಗುತ್ತದೆ. ಒಂದೂವರೆ ಗಂಟೆಯಲ್ಲಿ ಬರಬಹುದಾದ ಉತ್ತರಕ್ಕೆ ವಾರ ಕಾಯಬೇಕಾಗುತ್ತದೆ. ಕಾಯ್ದೆಯ ಪ್ರಕಾರ ಹನ್ನೆರಡು ಬುಷ್‌ನ ತಕರಾರನ್ನು ಅವರು ಹೊತ್ತಿಗೆ ಬರೆದು ತಿಳಿಸಿರಲಿಲ್ಲ ಎಂದು ವಾದಿಸಬಹುದಿತ್ತು. ಆದರೆ ಬುಷ್ ತಪ್ಪಾಗಿದ್ದದ್ದು ನಿಜ. 991 ರೂಪಾಯಿಗೆ ಆ ವಾದ ಹೂಡುವುದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಕಾನೂನಿಗೆ ಸರಿಯಾದ ಜಾಗ ಬಿಲ್ಲು. ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲೂ ಜಿಎಸ್‌ಟಿ ಸಂಖ್ಯೆಯ ಪಕ್ಕ ಅಚ್ಚು ಹಾಕಿದರೆ ಕೊಂಡವರ ಕಂಪ್ಯೂಟರಿನಲ್ಲಿ ನಮ್ಮ ಹೆಸರಿನ ಮುಂದೆ ಅದು ಸೇರುತ್ತದೆ. ವರ್ಷದ ಕೊನೆಯಲ್ಲಿ ಅವರ ಲೆಕ್ಕಪರಿಶೋಧಕರೇ ಅಂಥ ಬಾಕಿಗಳ ಪಟ್ಟಿ ಕೇಳುತ್ತಾರೆ. ನಾವು ಬಾಯಿ ತೆರೆಯದೆ ಕೆಲಸ ಆಗುತ್ತದೆ. ಗೆಳೆಯನಿಗೆ ನೋಂದಣಿ ಇತ್ತು, ಬಿಲ್ಲಿನಲ್ಲಿ ಮಾತ್ರ ಇರಲಿಲ್ಲ. ಅಂದೇ ಸೇರಿಸಿದೆವು.

ಉತ್ತರ ಓದುವುದು

ಎಲ್ಲ ಪತ್ರಗಳಿಗೂ ಇಷ್ಟು ಚೆನ್ನಾದ ಉತ್ತರ ಬರುವುದಿಲ್ಲ. ಯುಟಿಆರ್ ಸಂಖ್ಯೆ ಬಂದರೆ ಖಾತೆ ನೋಡಿ, ಸಿಕ್ಕಿತು ಎಂದು ಒಂದು ಸಾಲು ಬರೆದು ಮುಗಿಸಬೇಕು. ‘25ರ ಪಾವತಿಗೆ ಹೋಗುತ್ತದೆ’ ಎಂದು ದಿನ ಬಂದರೆ ಆ ದಿನವನ್ನೇ ಹಿಡಿದು ಉತ್ತರಿಸಬೇಕು. ‘ಸರಿ ಮೇಡಂ, 25ಕ್ಕೆ ಎಂದು ಗುರುತು ಮಾಡಿಕೊಂಡಿದ್ದೇವೆ.’ ಈಗ ಅದು ಎರಡೂ ಕಡೆ ಬರಹದಲ್ಲಿದೆ, 26ಕ್ಕೆ ಕೇಳಲು ಸಂಕೋಚವಿಲ್ಲ.

ಉತ್ತರವೇ ಬರದಿದ್ದರೆ ಮೂರು ನಾಲ್ಕು ಕೆಲಸದ ದಿನ ಬಿಟ್ಟು ಫೋನ್ ಮಾಡಬೇಕು. ಅದೇ ಇಮೇಲನ್ನು ಮತ್ತೆ ಮತ್ತೆ ಕಳಿಸುವುದರಿಂದ ಪ್ರಯೋಜನವಿಲ್ಲ. ಫೋನಿನಲ್ಲೂ ಕೇಳುವುದು ಅದೇ ಎರಡು, ಬಿಲ್ಲು ಎಲ್ಲಿದೆ, ಯಾವ ದಿನದ ಪಾವತಿ.

ಕಾಗದದಿಂದ ನಿಂತ ಬಿಲ್ಲನ್ನೂ ದುಡ್ಡಿಲ್ಲದೆ ನಿಂತ ಬಿಲ್ಲನ್ನೂ ಬೇರೆ ಮಾಡಿ ತೋರಿಸುವುದು ಈ ಉತ್ತರವೇ. ಕಾಗದದಿಂದ ನಿಂತಿದ್ದರೆ ಕಾರಣಕ್ಕೆ ಹೆಸರಿರುತ್ತದೆ. ಜಿಆರ್‌ಎನ್ ಆಗಿಲ್ಲ, ಆರ್ಡರ್ ಸಂಖ್ಯೆ ತಪ್ಪಿದೆ, 2ಬಿಯಲ್ಲಿ ಕಾಣುತ್ತಿಲ್ಲ. ಅದನ್ನು ಸರಿ ಮಾಡಿಕೊಟ್ಟರೆ ದಿನ ಸಿಗುತ್ತದೆ. ದುಡ್ಡಿಲ್ಲದೆ ನಿಂತಿದ್ದರೆ ಬಿಲ್ಲಿನಲ್ಲಿ ತಪ್ಪೇನೂ ಇಲ್ಲ ಎನ್ನುತ್ತಾರೆ, ದಿನವನ್ನೂ ಹೇಳುವುದಿಲ್ಲ. ‘ನೋಡೋಣ, ಮೇಲಿಂದ ಬರಬೇಕು, ಮುಂದಿನ ವಾರ ಕೇಳಿ.’ ಅಥವಾ ಕೇಳಿದಾಗಲೆಲ್ಲ ಹೊಸ ಕಾಗದವೊಂದನ್ನು ಕೇಳುತ್ತಾರೆ. ಎರಡು ಸಲ ಹೀಗಾದರೆ ವಿನಯದ ನೆನಪೋಲೆಯ ಕೆಲಸ ಅಲ್ಲಿಗೆ ಮುಗಿಯಿತು. ಹೊಸ ಮಾಲು ಕಳಿಸುವ ಮೊದಲು ಹಳೆಯದರ ಮಾತಾಡಬೇಕು, ಬಡ್ಡಿಯ ವಿಷಯ ಬರಹದಲ್ಲಿ ಬರಬೇಕು, ಅದಕ್ಕೂ ಜಗ್ಗದಿದ್ದರೆ ಸಣ್ಣ ಉದ್ಯಮಗಳ ತಡಪಾವತಿ ದೂರುಗಳಿಗೆಂದೇ ಇರುವ ಪೋರ್ಟಲ್ ಇದೆ. ಆಗಲೂ ಮೊದಲ ಪತ್ರ ವ್ಯರ್ಥವಲ್ಲ. ಬಿಲ್ಲು, ಮೊತ್ತ, ಗಡುವು, ಕೇಳಿದ ದಿನ ಎಲ್ಲವೂ ಅದರಲ್ಲಿ ಬರಹದಲ್ಲಿವೆ, ಒಂದು ಕಟುಮಾತೂ ಇಲ್ಲದೆ.

ಆಗಸ್ಟಿನಲ್ಲಿ ಅದೇ ಕಾರ್ಖಾನೆಗೆ ಗೆಳೆಯ ಮತ್ತೆ ಮಾಲು ಕಳಿಸಿದ. ಈ ಸಲ ಮಾಲು ಹೋದ ಐದನೇ ದಿನ ಸ್ಟೋರಿಗೆ ಫೋನ್ ಮಾಡಿ ಒಂದೇ ಮಾತು ಕೇಳಿದ. ‘ಜಿಆರ್‌ಎನ್ ಎಷ್ಟಕ್ಕೆ ಆಗಿದೆ, ಸರ್?’ ಪೂರ್ತಿ ಆಗಿತ್ತು. ಆ ಬಿಲ್ಲಿಗೆ ನೆನಪೋಲೆ ಬರೆಯುವ ಅಗತ್ಯ ಬೀಳಲಿಲ್ಲ.